ಇಪ್ಪತ್ತು ನಿಮಿಷದ ಪ್ರಬಂಧವನ್ನು ಹತ್ತು ನಿಮಿಷಕ್ಕೆ ಇಳಿಸುವುದು ಹೇಗೆ?

ಪ್ರಶ್ನೆ: ನಾನು ಕಾಲೇಜಿನಲ್ಲಿ ಇತಿಹಾಸ ಹೇಳಿಕೊಡುತ್ತೇನೆ. ಬರುವ ತಿಂಗಳು ಒಂದು ವಿಚಾರ ಸಂಕಿರಣದಲ್ಲಿ ಬೆಂಗಳೂರು ಎಂಬ ಹೆಸರಿನ ಬಗ್ಗೆ ಪ್ರಬಂಧ ಮಂಡಿಸಬೇಕು. ಬರೆದದ್ದು 1,900 ಪದ ಆಗಿದೆ. ಕೊಟ್ಟಿರುವುದು ಹತ್ತೇ ನಿಮಿಷ. ಅಲ್ಲಲ್ಲಿ ಎಷ್ಟು ಕತ್ತರಿಸಿದರೂ ಮುಗಿಯುತ್ತಿಲ್ಲ. ಕತ್ತರಿಸಿದ ಮೇಲೆ ಓದಿದರೆ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಕೇಳಿಸುತ್ತದೆ. ಏನು ಮಾಡಲಿ?

ಉತ್ತರ: ನಿಮ್ಮ ಪ್ರಬಂಧವನ್ನು ಎರಡು ಸಲ ಓದಿದೆ. ಒಂದು ಸಲ ಮನಸ್ಸಿನಲ್ಲಿ, ಇನ್ನೊಂದು ಸಲ ಗಟ್ಟಿಯಾಗಿ, ಫೋನಿನಲ್ಲಿ ಸಮಯ ಹಾಕಿಕೊಂಡು. ಗಟ್ಟಿಯಾಗಿ ಓದಿದಾಗ ಇಪ್ಪತ್ತು ನಿಮಿಷ ಹಿಡಿಯಿತು. ಅಂದರೆ ನಿಮಿಷಕ್ಕೆ ಸುಮಾರು 95 ಪದ.

ಇಂಗ್ಲಿಷಿನಲ್ಲಿ ಭಾಷಣ ಕಲಿಸುವವರು ನಿಮಿಷಕ್ಕೆ 130ರಿಂದ 150 ಪದ ಅಂತ ಲೆಕ್ಕ ಕೊಡುತ್ತಾರೆ. ಆ ಲೆಕ್ಕ ನಮಗೆ ಆಗಿಬರುವುದಿಲ್ಲ. ‘ಶಾಸನದಲ್ಲಿರುವುದನ್ನು’ ಎಂಬುದು ಎಣಿಕೆಯಲ್ಲಿ ಒಂದೇ ಪದ, ಆದರೆ ಬಾಯಿಗೆ ಮೂರು ಪದದಷ್ಟು ಕೆಲಸ. ಇಸವಿಗಳದ್ದೂ ಇದೇ ಕಥೆ. ಹಾಳೆಯ ಮೇಲೆ 1537 ಅಂತ ಚಿಕ್ಕದಾಗಿ ಕೂತಿರುತ್ತದೆ. ಹೇಳುವಾಗ ‘ಸಾವಿರದ ಐನೂರ ಮೂವತ್ತೇಳು’ ಆಗುತ್ತದೆ. ಹಾಗಾಗಿ ಬೇರೆಯವರ ಲೆಕ್ಕ ಬಿಡಿ. ನಿಮ್ಮದೇ ಒಂದು ಪುಟವನ್ನು ನಿಂತುಕೊಂಡು, ಸಭೆಗೆ ಹೇಳುವ ದನಿಯಲ್ಲಿ ಓದಿ ನಿಮ್ಮ ವೇಗ ಎಷ್ಟು ಅಂತ ತಿಳಿದುಕೊಳ್ಳಿ. ಸದ್ಯಕ್ಕೆ 95 ಅಂತಲೇ ಇಟ್ಟುಕೊಳ್ಳೋಣ.

ಹತ್ತು ನಿಮಿಷ ಅಂದರೆ ನಿಜವಾಗಿ ಹತ್ತು ನಿಮಿಷ ಸಿಗುವುದಿಲ್ಲ. ನಿಮ್ಮ ಹೆಸರು ಕರೆಯಬೇಕು, ನೀವು ಎದ್ದು ಬರಬೇಕು, ಸ್ಲೈಡ್ ತೆರೆಯಬೇಕು, ಮೈಕ್ ಸರಿಮಾಡಬೇಕು. ಎಂಟೂವರೆ ನಿಮಿಷಕ್ಕೆ ಬರೆಯಿರಿ, ಅಂದರೆ ಸುಮಾರು 800 ಪದ. ಪ್ರಶ್ನೋತ್ತರ ಈ ಹತ್ತು ನಿಮಿಷದ ಒಳಗೋ ಹೊರಗೋ ಅಂತ ಸಂಘಟಕರಿಗೆ ಇವತ್ತೇ ಫೋನ್ ಮಾಡಿ ಕೇಳಿ. ಒಳಗೆ ಅಂದರೆ ಇನ್ನೂ ಎರಡು ನಿಮಿಷ ಹೋಗುತ್ತದೆ.

1,900ರಿಂದ 800ಕ್ಕೆ ಇಳಿಯಬೇಕು. ಅರ್ಧಕ್ಕಿಂತ ಜಾಸ್ತಿ ಹೋಗಬೇಕು. ನೀವು ಸಿಕ್ಕಿಹಾಕಿಕೊಂಡಿರುವುದು ಇಲ್ಲೇ. ನೀವು ವಾಕ್ಯಗಳಿಂದ ಪದ ಕೀಳುತ್ತಿದ್ದೀರಿ. ಇಲ್ಲೊಂದು ‘ಅತ್ಯಂತ’, ಅಲ್ಲೊಂದು ‘ಹಾಗೂ’, ಒಂದು ಉದಾಹರಣೆಯ ಅರ್ಧ. ಹೀಗೆ ಮಾಡಿದರೆ ಹೆಚ್ಚೆಂದರೆ ಇನ್ನೂರು ಪದ ಕಡಿಮೆಯಾಗುತ್ತದೆ. ಅಷ್ಟರಲ್ಲಿ ವಾಕ್ಯಗಳ ನಡುವಿನ ಅಂಟು ಹೋಗಿರುತ್ತದೆ. ಒಂದಕ್ಕೊಂದು ಸಂಬಂಧ ಇಲ್ಲ ಅಂತ ಅನ್ನಿಸುತ್ತಿರುವುದು ಅದಕ್ಕೇ. ಇಷ್ಟು ದೊಡ್ಡ ಕಡಿತಕ್ಕೆ ಇಡೀ ಭಾಗಗಳನ್ನೇ ತೆಗೆಯಬೇಕು.

ಯಾವ ಭಾಗ ತೆಗೆಯಬೇಕು ಅಂತ ಗೊತ್ತಾಗಬೇಕಾದರೆ ಮೊದಲು ಒಂದು ವಾಕ್ಯ ಬರೆಯಿರಿ. ನಿಮ್ಮ ಮಾತು ಕೇಳಿದವರು ಟೀ ಕುಡಿಯುವಾಗ ಪಕ್ಕದವರಿಗೆ ಏನು ಹೇಳಬೇಕು? ನಿಮ್ಮ ಪ್ರಬಂಧದಿಂದ ನನಗೆ ಸಿಕ್ಕಿದ್ದು ಇದು: ‘ಬೆಂಗಳೂರು ಎಂಬ ಹೆಸರು ಬೆಂದಕಾಳಿನ ಕಥೆಗಿಂತ ಹಳೆಯದು, ಅದಕ್ಕೆ ಆ ಹೆಸರು ಕೆತ್ತಿರುವ ಬೇಗೂರಿನ ಕಲ್ಲೇ ಸಾಕ್ಷಿ.’ ಇದನ್ನು ಒಂದು ಚೀಟಿಯಲ್ಲಿ ಬರೆದು ಮೇಜಿನ ಮೇಲಿಡಿ. ಈಗ ಒಂದೊಂದೇ ಭಾಗ ಎತ್ತಿಕೊಂಡು ಕೇಳಿ: ಇದು ಇಲ್ಲದಿದ್ದರೆ ಈ ಮಾತನ್ನು ಯಾರಾದರೂ ನಂಬದೆ ಹೋಗುತ್ತಾರಾ?

ಊರ ಹೆಸರುಗಳ ಅಧ್ಯಯನದ ಬಗ್ಗೆ ನೀವು ಬರೆದ ಪೀಠಿಕೆ 400 ಪದ ಇದೆ. ಅದಿಲ್ಲದೆಯೂ ನಂಬುತ್ತಾರೆ. ಕೆಂಪೇಗೌಡರು 1537ರಲ್ಲಿ ಊರು ಕಟ್ಟಿದ ಭಾಗ 300 ಪದ. ಸಭೆಯಲ್ಲಿರುವ ಎಲ್ಲರಿಗೂ ಅದು ಗೊತ್ತು, ಒಂದು ವಾಕ್ಯ ಸಾಕು. ಮೂರನೆಯದು ಹೆಬ್ಬಾಳದ ಕಲ್ಲಿನ 250 ಪದ. ಇದನ್ನು ಹೇಳುವಾಗ ನನಗೂ ಹೊಟ್ಟೆ ಉರಿಯುತ್ತದೆ. ಸುಮಾರು 750ರ ಕಿತ್ತಯ್ಯನ ವೀರಗಲ್ಲು, 2018ರಲ್ಲಿ ಕಣ್ಣಿಗೆ ಬಿದ್ದದ್ದು. ಇಡೀ ಪ್ರಬಂಧದಲ್ಲಿ ನೀವು ಅತಿ ಚೆನ್ನಾಗಿ ಬರೆದ ಭಾಗವೇ ಅದು. ಆದರೆ ಆ ಕಲ್ಲು ಈ ನೆಲ ಎಷ್ಟು ಹಳೆಯದು ಅಂತ ಹೇಳುತ್ತದೆಯೇ ಹೊರತು ಬೆಂಗಳೂರು ಎಂಬ ಹೆಸರಿನ ಬಗ್ಗೆ ಅಲ್ಲ. ನಿಮ್ಮ ಚೀಟಿಯ ಮಾತಿಗೆ ಅದು ಸಾಕ್ಷಿ ಆಗುವುದಿಲ್ಲ. ತೆಗೆಯಿರಿ.

ಮೂರು ಭಾಗ ಹೋದವು, 950 ಪದ ಉಳಿಯಿತು. ಇನ್ನು ಸಣ್ಣ ಕತ್ತರಿ ಹಿಡಿಯಬಹುದು. ವೇದಿಕೆ ಮೇಲಿರುವವರ ಹೆಸರು ಹೇಳಿ ವಂದಿಸುವುದಕ್ಕೆ 60 ಪದ ಬಳಸಿದ್ದೀರಿ. ಉದ್ಘಾಟನೆಯಲ್ಲಿ ಆ ಕೆಲಸ ಆಗಿರುತ್ತದೆ. ‘ಅಧ್ಯಕ್ಷರಿಗೆ, ಎಲ್ಲರಿಗೂ ನಮಸ್ಕಾರ’ ಅಂದರೆ ಯಾರಿಗೂ ಬೇಸರವಾಗುವುದಿಲ್ಲ. ಬೆಣಚುಕಲ್ಲು, ಬೆಂಗೆ ಮರ, ವೆಂಕಟನ ಊರು ಎಂದು ಹೆಸರಿನ ಮೂಲದ ಬಗ್ಗೆ ಇರುವ ಬೇರೆ ಊಹೆಗಳಿಗೆ ಒಂದೊಂದು ಪ್ಯಾರಾ ಬೇಡ. ಮೂರನ್ನೂ ಒಂದೇ ವಾಕ್ಯದಲ್ಲಿ ಹೇಳಿ ಮುಂದೆ ಹೋಗಿ. ಬೇಗೂರಿನ ಕಲ್ಲಿನ ಹಳಗನ್ನಡದ ಸಾಲುಗಳನ್ನು ಪೂರ್ತಿ ಓದಬೇಡಿ. ಅವನ್ನು ಓದುವಾಗ ವೇಗ ಅರ್ಧಕ್ಕೆ ಇಳಿಯುತ್ತದೆ, ಆಮೇಲೆ ಅರ್ಥವನ್ನೂ ಹೇಳಬೇಕಾಗುತ್ತದೆ. ಸ್ಲೈಡಿನಲ್ಲಿ ಪಾಠ ಇರಲಿ, ಬಾಯಲ್ಲಿ ಬೆಂಗಳೂರು ಕಾಳಗದ ತುಣುಕು ಮಾತ್ರ ಬರಲಿ.

ಒಂದು ಕಡೆ ಮಾತ್ರ ಕತ್ತರಿಸಬೇಡಿ, ಬೆಳೆಸಿ. ಬೇಗೂರಿನ ಕಲ್ಲಿನ ಕಾಲ ಹೇಗೆ ಗೊತ್ತಾಯಿತು ಎಂಬುದಕ್ಕೆ ನೀವು 150 ಪದ ಕೊಟ್ಟಿದ್ದೀರಿ, 180 ಕೊಡಿ. ನಿಮ್ಮ ವಾದ ನಿಂತಿರುವುದೇ ಅದರ ಮೇಲೆ. ಬೆಂದಕಾಳಿನ ಕಥೆಯ ಹೊಯ್ಸಳ ದೊರೆ ವೀರಬಲ್ಲಾಳ ಆಳಿದ್ದು 1173ರಿಂದ 1220ರವರೆಗೆ. ಕಲ್ಲು ಸುಮಾರು 900ರದ್ದು. ಈ ಮುನ್ನೂರು ವರ್ಷದ ಅಂತರ ಅಕ್ಷರದ ರೂಪದಿಂದ ಹೇಗೆ ತಿಳಿಯುತ್ತದೆ ಅಂತ ಹೇಳದೆ ಹೋದರೆ ಮೊದಲ ಪ್ರಶ್ನೆ ಅಲ್ಲಿಂದಲೇ ಬರುತ್ತದೆ.

ಈಗ ನಿಮ್ಮ ಎರಡನೇ ತೊಂದರೆ. ಓದುವವರು ದಾರಿ ತಪ್ಪಿದರೆ ಪುಟ ಹಿಂದಕ್ಕೆ ತಿರುಗಿಸುತ್ತಾರೆ. ಕೇಳುವವರಿಗೆ ಆ ಅನುಕೂಲ ಇಲ್ಲ. ಅದಕ್ಕೇ ದಾರಿ ಕವಲೊಡೆಯುವ ಕಡೆ ಕೈಮರ ನೆಡುವ ಹಾಗೆ, ಮಾತು ತಿರುಗುವ ಕಡೆಯೆಲ್ಲ ಒಂದು ವಾಕ್ಯ ನೆಡಬೇಕು. 800 ಪದದಲ್ಲಿ 80 ಪದವನ್ನು ಇದಕ್ಕೇ ಮೀಸಲಿಡಿ. ಕತ್ತರಿಸುವಾಗ ಕೈ ಮೊದಲು ಹೋಗುವುದು ಇಂಥ ವಾಕ್ಯಗಳ ಮೇಲೆ, ಏಕೆಂದರೆ ಅವುಗಳಲ್ಲಿ ವಿಷಯ ಇಲ್ಲ ಅಂತ ಅನ್ನಿಸುತ್ತದೆ. ನೀವೂ ಅವನ್ನೇ ತೆಗೆದಿದ್ದೀರಿ.

ಮೊದಲ ಕೈಮರ ಒಂದು ನಿಮಿಷದ ಒಳಗೆ ಬರಬೇಕು. ಹೀಗೆ:

‘ಇವತ್ತು ಮೂರು ಮಾತು ಹೇಳುತ್ತೇನೆ. ಬೇಗೂರಿನ ಕಲ್ಲಿನಲ್ಲಿ ಏನಿದೆ. ಅದು ಎಷ್ಟು ಹಳೆಯದು ಅಂತ ಹೇಗೆ ಗೊತ್ತು. ಹಾಗಾದರೆ ಬೆಂದಕಾಳಿನ ಕಥೆಯನ್ನು ಏನು ಮಾಡೋಣ.’

ಆಮೇಲೆ ಒಂದೊಂದು ತಿರುವಿನಲ್ಲೂ ಹಿಂದಿನದನ್ನು ಮುಚ್ಚಿ ಮುಂದಿನದನ್ನು ತೆರೆಯಿರಿ. ‘ಎರಡನೆಯದಾಗಿ’ ಅಂದರೆ ಎಣಿಕೆ ಮಾತ್ರ ತಿಳಿಯುತ್ತದೆ. ‘ಕಲ್ಲಿನಲ್ಲಿ ಬೆಂಗಳೂರು ಎಂಬ ಹೆಸರಿದೆ, ಇದು ಖಚಿತ. ಆದರೆ ಈ ಕಲ್ಲು ಎಷ್ಟು ಹಳೆಯದು?’ ಅಂದರೆ ಸ್ವಲ್ಪ ಹೊತ್ತು ಗಮನ ಆಚೀಚೆ ಹೋದವರೂ ಮತ್ತೆ ನಿಮ್ಮ ಜೊತೆ ಸೇರಿಕೊಳ್ಳುತ್ತಾರೆ. ಇಲ್ಲಿ ಒಂದು ಉಸಿರಿನಷ್ಟು ನಿಲ್ಲಿ. ಸ್ಲೈಡ್ ಬದಲಾಗುವುದೂ ಇದೇ ಜಾಗದಲ್ಲಿ ಇರಲಿ, ವಾಕ್ಯದ ನಡುವೆ ಬೇಡ. ಮೊದಲು ಹೇಳಿದ ಪದವನ್ನೇ ತಿರುವಿನಲ್ಲೂ ಬಳಸಿ. ಆರಂಭದಲ್ಲಿ ‘ಕಲ್ಲು’ ಅಂದು, ಆಮೇಲೆ ‘ಶಾಸನ’, ಇನ್ನೊಂದು ಕಡೆ ‘ಈ ದಾಖಲೆ’ ಅಂದರೆ ಮೂರು ಬೇರೆ ಬೇರೆ ವಸ್ತು ಅಂದುಕೊಳ್ಳುವವರು ಇರುತ್ತಾರೆ. ಬರಹದಲ್ಲಿ ಚೆಂದ ಕಾಣುವ ಈ ಬದಲಾವಣೆ ಮಾತಿನಲ್ಲಿ ದಾರಿ ತಪ್ಪಿಸುತ್ತದೆ.

ಕನ್ನಡದಲ್ಲಿ ಇನ್ನೊಂದು ವಿಷಯ ನೋಡಬೇಕು. ನಮ್ಮ ಕ್ರಿಯಾಪದ ಕೊನೆಗೆ ಬರುತ್ತದೆ. ನಿಮ್ಮ ಈ ವಾಕ್ಯ ನೋಡಿ: ‘ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿರುವ, ಗಂಗರ ಕಾಲದ್ದೆಂದು ವಿದ್ವಾಂಸರು ಗುರುತಿಸಿರುವ, ಬೆಂಗಳೂರು ಕಾಳಗದಲ್ಲಿ ಮಡಿದ ನಾಗತ್ತರನ ಮಗ ಬುಟ್ಟಣಸೆಟ್ಟಿಯನ್ನು ಹೆಸರಿಸುವ ಶಾಸನವು ಈ ಚರ್ಚೆಯಲ್ಲಿ ಅತ್ಯಂತ ಮಹತ್ವದ್ದಾಗಿದೆ.’ ಇಷ್ಟನ್ನೂ ತಲೆಯಲ್ಲಿ ಹೊತ್ತುಕೊಂಡು ಕಾದವರಿಗೆ ಕೊನೆಗೆ ಸಿಕ್ಕಿದ್ದು ‘ಮಹತ್ವದ್ದಾಗಿದೆ’ ಮಾತ್ರ. ಹೀಗೆ ಹೇಳಿ ನೋಡಿ: ‘ಬೇಗೂರಿನ ನಾಗೇಶ್ವರ ಗುಡಿಯಲ್ಲಿ ಒಂದು ಕಲ್ಲಿದೆ. ಗಂಗರ ಕಾಲದ್ದು. ಬುಟ್ಟಣಸೆಟ್ಟಿ ಎಂಬವನು ಸತ್ತ ಸುದ್ದಿ ಅದರಲ್ಲಿದೆ. ಅವನು ನಾಗತ್ತರನ ಮಗ. ಸತ್ತದ್ದು ಎಲ್ಲಿ? ಬೆಂಗಳೂರು ಕಾಳಗದಲ್ಲಿ.’ ಪದಗಳ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ. ಆದರೆ ಊರಿನ ಹೆಸರು ಕೊನೆಯಲ್ಲಿ ಬಂದು ಕಿವಿಯಲ್ಲಿ ಉಳಿಯುತ್ತದೆ.

ಕತ್ತರಿಸಿ ಮುಗಿದ ಮೇಲೆ ಹಳೆಯ ಕೈಮರಗಳು ಎಲ್ಲಾದರೂ ಉಳಿದಿವೆಯಾ ಅಂತ ಹುಡುಕಿ. ನಿಮ್ಮ ಈಗಿನ ಪ್ರತಿಯಲ್ಲಿ ‘ಈಗಾಗಲೇ ನೋಡಿದ ಹೆಬ್ಬಾಳದ ಕಲ್ಲಿನಂತೆ’ ಅಂತ ಒಂದು ಕಡೆ ಇದೆ. ಹೆಬ್ಬಾಳ ಹೋದರೆ ಅದೂ ಹೋಗಬೇಕು. ‘ನಾಲ್ಕು ಕಾರಣಗಳು’ ಅಂತ ಶುರುಮಾಡಿ ಎರಡನ್ನೇ ಹೇಳಿದ್ದೀರಿ. ಕೇಳುವವರು ಉಳಿದ ಎರಡಕ್ಕೆ ಕಾಯುತ್ತಾ ಕೂತಿರುತ್ತಾರೆ. ‘ಮೇಲೆ ಹೇಳಿದ’, ‘ಕೆಳಗಿನ’ ಎಂಬ ಮಾತುಗಳನ್ನೂ ತೆಗೆಯಿರಿ. ಮಾತಿಗೆ ಮೇಲೆ ಕೆಳಗೆ ಇರುವುದಿಲ್ಲ, ಅಲ್ವಾ?

ಹಾಳೆಯ ಅಂಚಿನಲ್ಲಿ ಸಮಯ ಬರೆದುಕೊಳ್ಳಿ. ಆರಂಭ ಮುಗಿಯುವಾಗ 1 ನಿಮಿಷ, ಕಲ್ಲಿನ ಭಾಗ ಮುಗಿಯುವಾಗ ಮೂರೂವರೆ, ಕಾಲದ ಲೆಕ್ಕ ಮುಗಿಯುವಾಗ ಐದೂವರೆ ದಾಟಿರಬಾರದು, ಬೆಂದಕಾಳು ಮುಗಿಯುವಾಗ ಏಳೂಮುಕ್ಕಾಲು. ಜೊತೆಗೆ ಒಂದು ಪ್ಯಾರಾಕ್ಕೆ ಪೆನ್ಸಿಲಿನಲ್ಲಿ ಚೌಕ ಹಾಕಿಡಿ. ತಡವಾದರೆ ಅದನ್ನು ಬಿಡುವುದು ಅಂತ ಮನೆಯಲ್ಲೇ ತೀರ್ಮಾನ ಆಗಿರಲಿ. ನಿಮ್ಮ ಪ್ರಬಂಧದಲ್ಲಿ ಅದು ಬೇರೆ ಊಹೆಗಳ ವಾಕ್ಯ ಮತ್ತು ಅದರ ಸುತ್ತಲಿನ ನಾಲ್ಕು ಸಾಲು. ಅದನ್ನು ಬಿಟ್ಟರೆ ಅರ್ಧ ನಿಮಿಷ ಸಿಗುತ್ತದೆ. ತಡವಾಯಿತು ಅಂತ ವೇಗ ಹೆಚ್ಚಿಸಬೇಡಿ. ವೇಗ ಹೆಚ್ಚಿದರೆ ಮೊದಲು ಕೇಳಿಸದಂತಾಗುವುದು ವಾಕ್ಯದ ಕೊನೆ, ಕನ್ನಡದಲ್ಲಿ ಅರ್ಥ ಕೂತಿರುವುದೂ ಅಲ್ಲೇ.

ಕೆಲವು ವರ್ಷದ ಹಿಂದೆ ಒಂದು ಗೋಷ್ಠಿಯಲ್ಲಿ ನನಗೆ ಅಧ್ಯಕ್ಷರಿಂದ ‘ಒಂದು ನಿಮಿಷ’ ಅಂತ ಚೀಟಿ ಬಂದಾಗ ನಾನಿನ್ನೂ ಹಿನ್ನೆಲೆ ಹೇಳುತ್ತಿದ್ದೆ. ನನ್ನ ತೀರ್ಮಾನವನ್ನು ಅವತ್ತು ಯಾರೂ ಕೇಳಲಿಲ್ಲ. ಎರಡು ವರ್ಷದ ಕೆಲಸ ಅದು. ಅಂದಿನಿಂದ ನಾನು ಕೊನೆಯ ಅರವತ್ತು ಪದವನ್ನು ಮೊದಲೇ ಬರೆದು ಬಾಯಿಪಾಠ ಮಾಡುತ್ತೇನೆ. ಎಲ್ಲಿದ್ದರೂ ಅಲ್ಲಿಂದ ಅದಕ್ಕೆ ಹಾರಬಹುದು. ನೀವೂ ಹಾಗೇ ಮಾಡಿ. ‘ಕೊನೆಯದಾಗಿ’ ಎಂಬ ಪದವನ್ನು ಆ ಅರವತ್ತು ಪದದ ಮುಂದೆ ಒಂದೇ ಸಲ ಬಳಸಿ. ಹಾಗಂದ ಮೇಲೆ ಅರ್ಧ ನಿಮಿಷದಲ್ಲಿ ಮುಗಿಸಿ ಕೂತುಕೊಳ್ಳಿ.

ಹೆಬ್ಬಾಳದ ಹಾಳೆಯನ್ನು ಮನೆಯಲ್ಲಿ ಬಿಟ್ಟು ಹೋಗಬೇಡಿ. ಅದರದ್ದೊಂದು ಸ್ಲೈಡನ್ನು ಎಲ್ಲಕ್ಕಿಂತ ಹಿಂದೆ ಸೇರಿಸಿಡಿ. ಬೇಗೂರಿನ ಕಲ್ಲಿಗಿಂತ ಹಳೆಯದು ಬೆಂಗಳೂರಿನಲ್ಲಿ ಇದೆಯಾ ಅಂತ ಪ್ರಶ್ನೋತ್ತರದಲ್ಲಿ ಯಾರಾದರೂ ಕೇಳುವ ಸಾಧ್ಯತೆ ತುಂಬ ಇದೆ.