91% ಎಲ್ಲಿಂದ ಬಂತು? ಕೇಸ್ ಸ್ಟಡಿಯ ಒಂದು ವಾಕ್ಯವನ್ನು ತಿದ್ದುವುದು

ಕನ್ಸಲ್ಟಿಂಗ್ ಕೇಸ್ ಸ್ಟಡಿ ತಿದ್ದಲು ಕೂತಾಗ ನಾನು ಮೊದಲು ಓದುವುದು ಫಲಿತಾಂಶದ ಭಾಗವನ್ನು. ಭಾಷೆ ಆಮೇಲೆ ತಿದ್ದಬಹುದು. ಫಲಿತಾಂಶದ ವಾಕ್ಯ ನಿಲ್ಲದಿದ್ದರೆ ಉಳಿದದ್ದನ್ನು ಎಷ್ಟು ಚೆಂದ ಮಾಡಿದರೂ ಉಪಯೋಗವಿಲ್ಲ. ಇಲ್ಲಿ ಒಂದೇ ಒಂದು ವಾಕ್ಯವನ್ನು ತೆಗೆದುಕೊಂಡು ಕೊನೆವರೆಗೆ ತಿದ್ದೋಣ. ಲೆಕ್ಕ ಸರಳವಾಗಿರಲಿ ಎಂದು ಉದಾಹರಣೆಯನ್ನು ನಾನೇ ಕಟ್ಟಿದ್ದೇನೆ.

ಕರಡಿನಲ್ಲಿ ಹೀಗಿದೆ: “ನಮ್ಮ ಸಲಹೆಯಿಂದ ಕ್ಲೈಂಟ್‌ನ ಡೆಲಿವರಿ ವ್ಯವಸ್ಥೆ ಗಣನೀಯವಾಗಿ ಸುಧಾರಿಸಿತು.”

‘ಗಣನೀಯ’ ಎಂದರೆ ಎಣಿಸುವಷ್ಟು. ಹಾಗಾದರೆ ಎಣಿಸಿ ಹೇಳಬೇಕು, ಅಲ್ವಾ? ಬರೆದವರನ್ನು ಕೇಳಿದೆವು ಅಂದುಕೊಳ್ಳಿ. “ಸಮಯಕ್ಕೆ ತಲುಪುವ ಆರ್ಡರ್ 78% ಇತ್ತು, ಈಗ 91% ಆಗಿದೆ” ಎಂದು ಉತ್ತರ ಬಂತು. ಸಂಖ್ಯೆ ಸಿಕ್ಕಿತು ಎಂದು ಹೆಚ್ಚಿನವರು ಇಲ್ಲಿಗೇ ನಿಲ್ಲಿಸುತ್ತಾರೆ. ನಿಜವಾದ ಕೆಲಸ ಶುರುವಾಗುವುದೇ ಇಲ್ಲಿಂದ.

ಮೊದಲು, ಈ ಎರಡು ಸಂಖ್ಯೆಗಳನ್ನು ಎಷ್ಟು ರೀತಿ ಹೇಳಬಹುದು ನೋಡಿ. 78ರಿಂದ 91ಕ್ಕೆ ಹೋದರೆ ಏರಿಕೆ 13 ಶೇಕಡಾ ಅಂಶ. 13ನ್ನು 78ರಿಂದ ಭಾಗಿಸಿದರೆ ಸುಮಾರು 17% ಸುಧಾರಣೆ. ತಡವಾದ ಆರ್ಡರ್‌ಗಳ ಕಡೆಯಿಂದ ನೋಡಿದರೆ 22% ಇದ್ದದ್ದು 9% ಆಯಿತು, ಅಂದರೆ ತಡ ಸುಮಾರು 59% ಕಡಿಮೆಯಾಯಿತು. ಮೂರರಲ್ಲಿ ಯಾವುದೂ ಸುಳ್ಳಲ್ಲ. ಆದರೆ ‘59% ಸುಧಾರಣೆ’ ಎಂದಷ್ಟೇ ಬರೆದರೆ ಓದುವವರ ಮನಸ್ಸಿನಲ್ಲಿ ಮೂಡುವ ಚಿತ್ರವೇ ಬೇರೆ. ಹಾಗಾಗಿ ಎಷ್ಟರಿಂದ ಎಷ್ಟಕ್ಕೆ ಎಂಬ ಎರಡೂ ತುದಿಗಳನ್ನು ನಾನು ವಾಕ್ಯದಲ್ಲೇ ಇಡುತ್ತೇನೆ. ಬೇಕಾದವರು ಶೇಕಡಾವನ್ನು ತಾವೇ ಲೆಕ್ಕ ಹಾಕಿಕೊಳ್ಳಲಿ.

ಮುಂದಿನ ಪ್ರಶ್ನೆ: ಯಾವುದರಲ್ಲಿ 78%? ಮೂಲ ಫೈಲ್ ತರಿಸಿ ನೋಡಿದರೆ ಕೆಲಸ ಶುರುವಾಗುವ ಮುಂಚಿನ ಮೂರು ತಿಂಗಳಲ್ಲಿ 5,000 ಆರ್ಡರ್ ಬಂದಿವೆ, 3,900 ಸಮಯಕ್ಕೆ ತಲುಪಿವೆ. ಕೆಲಸ ಮುಗಿದ ಮೇಲಿನ ಮೂರು ತಿಂಗಳಲ್ಲಿ 4,400ರಲ್ಲಿ 4,004. ಭಾಗಾಕಾರ ಸರಿಯಾಗಿಯೇ ಇದೆ. ಆದರೂ ಎರಡು ತೊಂದರೆಗಳಿವೆ, ಎರಡೂ ಸುಲಭವಾಗಿ ಕಣ್ಣು ತಪ್ಪಿಸುವಂಥವು.

ಒಂದನೆಯದು ‘ಸಮಯಕ್ಕೆ’ ಎಂಬ ಪದ. ಗ್ರಾಹಕರು ಕೇಳಿದ ದಿನಕ್ಕೆ ತಲುಪಿದರೆ ಸಮಯಕ್ಕೆ ಬಂದಂತೆಯೋ, ಅಥವಾ ಕಂಪನಿ ಕೊಡುತ್ತೇನೆಂದು ಒಪ್ಪಿಕೊಂಡ ದಿನಕ್ಕೋ? ಇವೆರಡೂ ಒಂದೇ ಅಲ್ಲ. ಗ್ರಾಹಕರು 5ನೇ ತಾರೀಕು ಕೇಳಿ, ಕಂಪನಿ 8ಕ್ಕೆ ಒಪ್ಪಿ, ಸರಕು 7ಕ್ಕೆ ತಲುಪಿದರೆ ಮೊದಲ ಅಳತೆಯಲ್ಲಿ ಅದು ತಡ, ಎರಡನೆಯದರಲ್ಲಿ ಒಂದು ದಿನ ಬೇಗ. ನಮ್ಮ ಉದಾಹರಣೆಯಲ್ಲಿ 78% ಅಳೆದದ್ದು ಕೇಳಿದ ದಿನಕ್ಕೆ. ಹೊಸ ವರದಿ ಪದ್ಧತಿ ಬಂದ ಮೇಲೆ 91% ಅಳೆದದ್ದು ಒಪ್ಪಿಕೊಂಡ ದಿನಕ್ಕೆ. ಯಾರೂ ಬೇಕೆಂದೇ ಮಾಡಿದ್ದಲ್ಲ. ಕನ್ಸಲ್ಟಿಂಗ್ ಕೆಲಸದಲ್ಲಿ ಅಳತೆಯ ಪದ್ಧತಿಯೇ ಬದಲಾಗುವುದು ಮಾಮೂಲು. ಅದಕ್ಕೇ ‘ಮುಂಚೆ’ ಮತ್ತು ‘ಆಮೇಲೆ’ ಎರಡನ್ನೂ ಒಂದೇ ವ್ಯಾಖ್ಯೆಯಿಂದ ಎಣಿಸಿದ್ದಾರಾ ಎಂದು ಪ್ರತಿ ಸಲವೂ ಕೇಳಬೇಕು. ಮತ್ತೆ ಎಣಿಸಿದಾಗ 4,400ರಲ್ಲಿ ಕೇಳಿದ ದಿನಕ್ಕೆ ತಲುಪಿದ್ದು 3,784. ಅಂದರೆ 86%.

ಎರಡನೆಯದು ತಿಂಗಳುಗಳು. ಮುಂಚಿನ ಮೂರು ತಿಂಗಳು ವರ್ಷದಲ್ಲೇ ಜಾಸ್ತಿ ಆರ್ಡರ್ ಬರುವ ಕಾಲ. ಒತ್ತಡವಿದ್ದಾಗ ತಡ ಆಗುವುದು ಸಹಜ, ಕೆಲಸ ತಗ್ಗಿದಾಗ ಸಲಹೆಗಾರರು ಇಲ್ಲದಿದ್ದರೂ ಅಂಕಿ ಏರುತ್ತದೆ. ಕೆಲಸ ಮುಗಿದ ಮೇಲಿನ ಮೂರು ತಿಂಗಳಿಗೆ ಸರಿಯಾದ ಹೋಲಿಕೆ ಹಿಂದಿನ ವರ್ಷದ ಅದೇ ಮೂರು ತಿಂಗಳ ಜೊತೆ. ಅದನ್ನು ತರಿಸಿದರೆ 4,200 ಆರ್ಡರ್‌ಗಳಲ್ಲಿ ಕೇಳಿದ ದಿನಕ್ಕೆ ತಲುಪಿದ್ದು 3,402, ಅಂದರೆ 81%. ಈಗ ನಮ್ಮ ಕೈಯಲ್ಲಿರುವುದು 81ರಿಂದ 86. 13 ಅಂಶ ಇದ್ದದ್ದು 5 ಆಯಿತು.

ಬರೆದವರಿಗೆ ಇದು ಬೇಸರದ ಸುದ್ದಿ. ಆ ಬೇಸರ ನನಗೆ ಅರ್ಥವಾಗುತ್ತದೆ, ತಿಂಗಳುಗಟ್ಟಲೆ ದುಡಿದಿರುತ್ತಾರೆ. ಆದರೆ 4,400 ಆರ್ಡರ್‌ಗಳಲ್ಲಿ 5 ಅಂಶ ಎಂದರೆ 220 ಆರ್ಡರ್. ಹಳೆಯ 81%ರಲ್ಲೇ ಇದ್ದಿದ್ದರೆ ತಡವಾಗುತ್ತಿದ್ದ 220 ಆರ್ಡರ್‌ಗಳು ಕೇಳಿದ ದಿನಕ್ಕೇ ತಲುಪಿದವು. ಅದು ಚಿಕ್ಕ ಮಾತಲ್ಲ. ಇಂಥ ಅಂಕಿಯನ್ನು ಹೊಸ ಕ್ಲೈಂಟ್ ಎದುರು ಕೂತು ಹೇಳುವಾಗ ಧ್ವನಿ ನಡುಗುವುದಿಲ್ಲ.

ಇನ್ನು ‘ನಮ್ಮ ಸಲಹೆಯಿಂದ’ ಎಂಬ ಎರಡು ಪದ. ಆ ಅವಧಿಯಲ್ಲಿ ಬೇರೆ ಏನೇನು ಬದಲಾಯಿತು ಎಂದು ಕ್ಲೈಂಟ್ ಕಡೆಯವರನ್ನೇ ಕೇಳಬೇಕು. ನಮ್ಮ ಉದಾಹರಣೆಯಲ್ಲಿ ಅವರು ಎರಡನೇ ಸಾಗಣೆ ಕಂಪನಿಯನ್ನೂ ಸೇರಿಸಿಕೊಂಡಿದ್ದರು. ಯಾವುದರಿಂದ ಎಷ್ಟು ಲಾಭವಾಯಿತು ಎಂದು ಬಿಡಿಸುವ ದಾರಿ ಕೆಲವೊಮ್ಮೆ ಇರುತ್ತದೆ. ನಾವು ಸೂಚಿಸಿದ ಆರ್ಡರ್ ಜೋಡಿಸುವ ಹೊಸ ಕ್ರಮ ಎರಡೇ ಗೋದಾಮುಗಳಲ್ಲಿ ಬಂದು ಮೂರನೆಯದರಲ್ಲಿ ಬರದಿದ್ದರೆ, ಸಾಗಣೆ ಬದಲಾವಣೆ ಮೂರಕ್ಕೂ ಸಮಾನವಾಗಿದ್ದರೆ, ಆ ಮೂರನೆಯದನ್ನು ಹೋಲಿಕೆಗೆ ಇಟ್ಟುಕೊಳ್ಳಬಹುದು. ಅಂಥ ದಾರಿ ಇಲ್ಲದಿದ್ದರೆ ಎರಡನ್ನೂ ಬರೆದುಬಿಡಿ. ತಿದ್ದಿದ ವಾಕ್ಯ ಹೀಗಾಗುತ್ತದೆ:

“ಗ್ರಾಹಕರು ಕೇಳಿದ ದಿನಕ್ಕೆ ತಲುಪಿದ ಆರ್ಡರ್‌ಗಳ ಪಾಲು, ಹಿಂದಿನ ವರ್ಷದ ಅದೇ ಮೂರು ತಿಂಗಳಿಗೆ ಹೋಲಿಸಿದರೆ, 81%ರಿಂದ 86%ಕ್ಕೆ ಏರಿತು. ಈ ಅವಧಿಯಲ್ಲಿ ನಾವು ಆರ್ಡರ್ ಜೋಡಿಸುವ ಕ್ರಮವನ್ನು ಬದಲಿಸಿದೆವು, ಕ್ಲೈಂಟ್ ಎರಡನೇ ಸಾಗಣೆ ಕಂಪನಿಯನ್ನು ಸೇರಿಸಿಕೊಂಡಿತು.”

ಈ ವಾಕ್ಯ ಆರು ತಿಂಗಳ ನಂತರವೂ ಪರಿಶೀಲನೆಗೆ ಸಿಗಬೇಕು. ಅದಕ್ಕೆ ನಾನು ಬೇರೆ ಒಂದು ಶೀಟ್ ಇಡುತ್ತೇನೆ. ಪ್ರತಿ ಹೇಳಿಕೆಗೂ ಒಂದು ಸಾಲು: ಹೇಳಿಕೆಯ ಪೂರ್ತಿ ಪದಗಳು, ಮೂಲ ಫೈಲ್ ಮತ್ತು ಅದರೊಳಗಿನ ಜಾಗ, ಡೇಟಾ ತೆಗೆದ ದಿನ, ಲೆಕ್ಕ ಮಾಡಿದ ರೀತಿ, ಕ್ಲೈಂಟ್ ಕಡೆಯಿಂದ ಒಪ್ಪಿದವರ ಹುದ್ದೆ, ಒಪ್ಪಿದ ದಿನ. ‘ಪ್ರಾಜೆಕ್ಟ್ ತಂಡ ಹೇಳಿದ್ದು’ ಎಂಬುದನ್ನು ಮೂಲ ಎಂದು ನಾನು ತೆಗೆದುಕೊಳ್ಳುವುದಿಲ್ಲ. ಆ ಸಾಲು ತುಂಬದಿದ್ದರೆ ಆ ಹೇಳಿಕೆ ಕೇಸ್ ಸ್ಟಡಿಯಲ್ಲಿ ಇರುವುದಿಲ್ಲ.

ಕ್ಲೈಂಟ್ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವಾಗ ಇನ್ನೂ ಬಿಗಿಯಾಗಿರಬೇಕು. ಮೀಟಿಂಗ್‌ನಲ್ಲಿ “ಕೆಲಸ ಈಗ ಸಲೀಸಾಗಿದೆ” ಎಂದವರು “ನಮ್ಮ ವ್ಯವಸ್ಥೆಯೇ ಬದಲಾಗಿಹೋಯಿತು” ಎಂದಂತೆ ಅಚ್ಚಾಗುವುದನ್ನು ನಾನು ನೋಡಿದ್ದೇನೆ. ಅಚ್ಚಾಗುವ ಪದಗಳನ್ನೇ ಕಳಿಸಿ ಬರವಣಿಗೆಯಲ್ಲಿ ಒಪ್ಪಿಗೆ ಪಡೆಯಬೇಕು. ಒಪ್ಪಿಗೆ ಬಂದ ಮೇಲೆ ಒಂದು ಪದ ತಿದ್ದಿದರೂ ಮತ್ತೆ ಕಳಿಸಬೇಕು. ಆ ಮಾತಿನೊಳಗೆ ಅಂಕಿ ಇದ್ದರೆ ಅದಕ್ಕೂ ಶೀಟ್‌ನಲ್ಲಿ ಸಾಲು ಬೇಕು. ಹೇಳಿದ್ದು ಕ್ಲೈಂಟ್ ಆದರೂ ಪ್ರಕಟಿಸುವವರು ನಾವು.

ಉಳಿತಾಯದ ಹಣ ಬಂದಾಗ ಒಂದೇ ವಿಷಯ ನೋಡಿ: ಅದು ಆಗಲೇ ಉಳಿದದ್ದೋ, ಅಂದಾಜೋ? ಮೂರು ತಿಂಗಳ ಉಳಿತಾಯವನ್ನು ನಾಲ್ಕರಿಂದ ಗುಣಿಸಿ ‘ವಾರ್ಷಿಕ ಉಳಿತಾಯ’ ಎಂದು ಬರೆಯುವುದು ಸಾಮಾನ್ಯ. ಹಾಗೆ ಮಾಡಿದ್ದರೆ ‘ಮೂರು ತಿಂಗಳ ಆಧಾರದ ಅಂದಾಜು’ ಎಂದು ಅದೇ ವಾಕ್ಯದಲ್ಲಿ ಹೇಳಬೇಕು, ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಅಲ್ಲ.

ಕೆಲವು ಕ್ಲೈಂಟ್‌ಗಳು ತಮ್ಮ ಅಂಕಿ ಹೊರಗೆ ಹೋಗುವುದು ಬೇಡ ಎನ್ನುತ್ತಾರೆ. ಆಗ ಮತ್ತೆ ‘ಗಣನೀಯ’ಕ್ಕೆ ಮರಳುವ ಅಗತ್ಯವಿಲ್ಲ. ಶುರುವಿನ ಮಟ್ಟವನ್ನು 100 ಎಂದು ಇಟ್ಟುಕೊಂಡು ಬದಲಾವಣೆ ಹೇಳಬಹುದು. ಪ್ರತಿ ಆರ್ಡರ್ ವೆಚ್ಚ 100 ಇದ್ದದ್ದು 93 ಆಯಿತು ಎಂದರೆ ನಿಜವಾದ ಮೊತ್ತ ಹೊರಬೀಳದೆ ಬದಲಾವಣೆ ತಿಳಿಯುತ್ತದೆ. ನಿಜವಾದ ಅಂಕಿ ನಮ್ಮ ಶೀಟ್‌ನಲ್ಲಿರುತ್ತದೆ. ಅದಕ್ಕೂ ಅನುಮತಿ ಸಿಗದಿದ್ದರೆ ಫಲಿತಾಂಶದ ವಾಕ್ಯವನ್ನೇ ತೆಗೆದು, ಏನು ಕೆಲಸ ಮಾಡಿದೆವು ಎಂಬುದನ್ನು ಮಾತ್ರ ಬರೆಯುತ್ತೇನೆ.