ಪ್ಲ್ಯಾನಿನ ಕಿಟಕಿ ಬೇರೆ, ತೆರೆಯುವ ಕಿಟಕಿ ಬೇರೆ

‘ಸರ್, ನಮ್ಮ ಕ್ಲಾಸ್‌ರೂಮಿನಲ್ಲಿ ಐದು ಕಿಟಕಿ ಇದೆ, ಆದರೂ ಮಕ್ಕಳು ತೂಕಡಿಸ್ತಾರೆ’ ಎಂದು ಕರಾವಳಿಯ ಒಂದು ಶಾಲೆಯವರು ಹೋದ ವರ್ಷ ಕರೆದಿದ್ದರು. ಹೋಗಿ ನೋಡಿದರೆ ಮತ್ತದೇ ಕಥೆ. ಐದೂ ಸ್ಲೈಡಿಂಗ್.

ರಾಷ್ಟ್ರೀಯ ಕಟ್ಟಡ ಸಂಹಿತೆಯಲ್ಲಿ ವಾಸದ ಕೋಣೆಗೆ ಒಂದು ಲೆಕ್ಕವಿದೆ. ಸೆಕೆ ಮತ್ತು ತೇವ ಇರುವ ಊರುಗಳಲ್ಲಿ ಬಾಗಿಲು ಬಿಟ್ಟು ಕಿಟಕಿಗಳೇ ನೆಲದ ಆರನೇ ಒಂದು ಭಾಗ ಇರಬೇಕು. ನಾನು ತರಗತಿಗೂ ಅದನ್ನೇ ಹಿಡಿಯುತ್ತೇನೆ. ಈ ಕೋಣೆ 24 ಅಡಿ, 20 ಅಡಿ, ಅಂದರೆ 480 ಚದರ ಅಡಿ. ಆರನೇ ಒಂದು ಭಾಗ 80. ನಾಲ್ಕಡಿ ಚೌಕದ ಐದು ಕಿಟಕಿ ಸರಿಯಾಗಿ 80. ಪ್ಲ್ಯಾನಿನಲ್ಲಿ ಪಾಸ್.

ಆದರೆ ಗಾಳಿ ಪ್ಲ್ಯಾನ್ ಓದಿಕೊಂಡು ಬರುವುದಿಲ್ಲವಲ್ಲ! ಚೌಕಟ್ಟು ಕಳೆದರೆ ಒಂದು ಕಿಟಕಿಯಲ್ಲಿ ಉಳಿಯುವುದು ಸುಮಾರು ಹದಿಮೂರು ಚದರ ಅಡಿ. ಎರಡು ಗಾಜಿನ ಸ್ಲೈಡಿಂಗ್‌ನಲ್ಲಿ ಒಂದನ್ನು ಸರಿಸಿದರೆ ಅದು ಇನ್ನೊಂದರ ಮುಂದೆ ಹೋಗಿ ನಿಲ್ಲುತ್ತದೆ, ಹಾಗಾಗಿ ಎಷ್ಟೇ ತಳ್ಳಿದರೂ ಬಯಲಾಗುವುದು ಅರ್ಧ, ಆರೂವರೆ. ಐದಕ್ಕೆ ಮೂವತ್ತೆರಡೂವರೆ, ನೆಲದ ಸುಮಾರು 7%. ಜೊತೆಗೆ ಕಾರಿಡಾರ್ ಕಡೆಯ ಎರಡನ್ನು ಗಲಾಟೆ ಅಂತ ಟೀಚರ್ ಮುಚ್ಚಿಬಿಟ್ಟಿದ್ದರು (ಅವರದ್ದೂ ತಪ್ಪಲ್ಲ, ಪಕ್ಕದಲ್ಲೇ ಮೆಟ್ಟಿಲು). ಉಳಿದಿದ್ದು ಹೊರಗೋಡೆಯ ಮೂರು, ಅಂದರೆ ನೆಲದ 4%. ಅದೂ ಒಂದೇ ಗೋಡೆಯಲ್ಲಿ. ಒಳಗೆ ಬಂದ ಗಾಳಿಗೆ ಹೊರಹೋಗಲು ದಾರಿಯೇ ಇಲ್ಲ.

ನಾನು ಕಾರಿಡಾರ್ ಕಡೆಯ ಬೆಂಚಿನ ಮೇಲೆ ಊದುಬತ್ತಿ ಹಚ್ಚಿಟ್ಟೆ. ಹೊಗೆ ನೇರ ಮೇಲೆ ಹೋಗಿ ಸೀಲಿಂಗ್ ಕೆಳಗೆ ಹರಡಿ ಅಲ್ಲೇ ಕೂತಿತು. ಕಾರಿಡಾರ್ ಕಿಟಕಿ ತೆರೆದ ಕೂಡಲೇ ಅಡ್ಡ ಬಾಗಿತು. ಹೆಡ್‌ಮಾಸ್ಟರಿಗೆ ನನ್ನ ಲೆಕ್ಕಕ್ಕಿಂತ ಇದು ಬೇಗ ಅರ್ಥವಾಯಿತು.

‘ಹಾಗಾದರೆ ಇನ್ನೆರಡು ಕಿಟಕಿ ಒಡೆಸೋಣ’ ಎಂದರು. ಬೇಡ ಅಂದೆ. ಹೊರಗೋಡೆಯ ಮೂರಕ್ಕೆ ಪೂರ್ತಿ ತೆರೆಯುವ ಕೀಲಿನ ಬಾಗಿಲು ಹಾಕಿಸಿದೆವು, ಸುಮಾರು 39 ಚದರ ಅಡಿ ಸಿಕ್ಕಿತು. ಕಾರಿಡಾರ್ ಕಡೆ ಅದೇ ಬಾಗಿಲು ಹಾಕಿದರೆ ಓಡುವ ಮಕ್ಕಳ ತಲೆಗೆ ಬಡಿಯುತ್ತದೆ, ಎಲ್ಲರೂ ಸ್ಲೈಡಿಂಗ್ ಕೇಳುವುದಕ್ಕೆ ನಿಜವಾದ ಕಾರಣವೂ ಅದೇ. ಅಲ್ಲಿ ಏಳಡಿಯ ಮೇಲೆ ನಾಲ್ಕಡಿ ಅಗಲ, ಒಂದೂವರೆ ಅಡಿ ಎತ್ತರದ ಮೂರು ವೆಂಟಿಲೇಟರ್ ಇಟ್ಟೆವು. ಅವು ಸದಾ ತೆರೆದೇ ಇರುತ್ತವೆ, ಚೌಕಟ್ಟು ಕಳೆದು ಸುಮಾರು ಹದಿನಾಲ್ಕು ಚದರ ಅಡಿ.

ಈಗ ಒಟ್ಟು ಸುಮಾರು 11%. ಪೂರ್ತಿ ಆರನೇ ಒಂದು ಭಾಗವಲ್ಲ, ಒಪ್ಪುತ್ತೇನೆ, ಗಾಳಿಯೇ ಬೀಸದ ಏಪ್ರಿಲ್ ಮಧ್ಯಾಹ್ನ ಫ್ಯಾನ್ ಬೇಕೇ ಬೇಕು. ನಿಮ್ಮ ಊರಿನ ಕಟ್ಟಡ ನಿಯಮ ಬೇರೆ ಇರಬಹುದು, ಕೇಳಿಕೊಳ್ಳಿ. ಮತ್ತೆ ಮೊನ್ನೆ ಅವರದ್ದೇ ಫೋನ್: ಸೊಳ್ಳೆ ಬರುತ್ತೆ, ವೆಂಟಿಲೇಟರಿಗೆ ಮೆಶ್ ಹಾಕಿಸಲಾ ಅಂತ. ಹಾಕಿಸಿ, ಆದರೆ ಮೆಶ್ ಗಾಳಿಯನ್ನೂ ತಡೆಯುತ್ತದೆ, ಧೂಳು ಕಟ್ಟಿದರೆ ಇನ್ನೂ ಜಾಸ್ತಿ, ತಿಂಗಳಿಗೊಮ್ಮೆ ಬಿಚ್ಚಿ ತೊಳೆಯುವವರು ಯಾರು ಅಂತ ಮೊದಲು ಹೇಳಿ ಎಂದೆ. ಇನ್ನೂ ಉತ್ತರ ಬಂದಿಲ್ಲ.