ಮಳೆಹನಿ ತಲೆಗೆ ಕಲ್ಲಿನ ಹಾಗೆ ಬಡಿಯೋದಿಲ್ಲ ಯಾಕೆ?

ಒಂದು ಕಿಲೋಮೀಟರ್ ಎತ್ತರದ ಮೋಡದಿಂದ ಬಿದ್ದ ಹನಿಗೆ v² = 2gh ಹಾಕಿ ನೋಡಿ. ಸೆಕೆಂಡಿಗೆ 140 ಮೀಟರ್ ಬರುತ್ತದೆ, ಗಂಟೆಗೆ ಸುಮಾರು 500 ಕಿ.ಮೀ. ಆ ವೇಗಕ್ಕೆ ಕೊಡೆ ಉಳಿಯುತ್ತಿರಲಿಲ್ಲ. ನಿಜವಾಗಿ 2 ಮಿ.ಮೀ. ಅಗಲದ ಹನಿ ಬೀಳುವುದು ಸೆಕೆಂಡಿಗೆ ಆರೂವರೆ ಮೀಟರ್ ವೇಗದಲ್ಲಿ. ಆ ಸೂತ್ರ ಗಾಳಿಯ ತಡೆಯನ್ನು, ಅಂದರೆ ಡ್ರ್ಯಾಗನ್ನು, ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಡ್ರ್ಯಾಗ್‌ನ ಸೂತ್ರ F = ½ρCAv². ρ ಗಾಳಿಯ ಸಾಂದ್ರತೆ, A ಗಾಳಿಗೆ ಎದುರಾಗುವ ಅಡ್ಡ ವಿಸ್ತೀರ್ಣ, C ಆಕಾರಕ್ಕೆ ತಕ್ಕ ಒಂದು ಸಂಖ್ಯೆ. ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟಾಗುತ್ತದೆ. ಹನಿಯ ತೂಕ ಮಾತ್ರ ಇದ್ದಷ್ಟೇ ಇರುತ್ತದೆ. ಹಾಗಾಗಿ ಬೀಳುತ್ತಾ ಬೀಳುತ್ತಾ ತಡೆ ತೂಕಕ್ಕೆ ಸಮವಾಗುತ್ತದೆ, ಅಲ್ಲಿಗೆ ವೇಗ ಏರುವುದು ನಿಲ್ಲುತ್ತದೆ. ಇದೇ ಟರ್ಮಿನಲ್ ವೆಲಾಸಿಟಿ, ಅಂತಿಮ ವೇಗ. ಪರೀಕ್ಷೆಯಲ್ಲಿ ತುಂಬಾ ಜನ ಇಲ್ಲಿ ‘ಗುರುತ್ವ ಸೊನ್ನೆ’ ಅಂತ ಬರೆದುಬಿಡುತ್ತಾರೆ. ಸೊನ್ನೆಯಾಗಿದ್ದು ವೇಗೋತ್ಕರ್ಷ. ಗುರುತ್ವ ಎಲ್ಲೂ ಹೋಗಿಲ್ಲ.

ನಮ್ಮ 2 ಮಿ.ಮೀ. ಹನಿಯ ತೂಕ 4.1 × 10⁻⁵ ನ್ಯೂಟನ್. ρ = 1.2, C = 0.5, A = 3.14 × 10⁻⁶ ಚದರ ಮೀಟರ್ ಹಾಕಿದರೆ ತಡೆ 9.4 × 10⁻⁷ v². ಎರಡನ್ನೂ ಸಮ ಮಾಡಿದರೆ v² ಸುಮಾರು 44, v ಸುಮಾರು 6.6. ಅಳತೆಗೆ ಹತ್ತಿರವೇ ಬಂತು, ಅಲ್ವಾ? ಈ ವೇಗ ಮುಟ್ಟಲು ಹನಿಗೆ ಹತ್ತು ಮೀಟರ್ ಬಿದ್ದರೆ ಸಾಕು. ಉಳಿದ ದಾರಿಯೆಲ್ಲಾ ಒಂದೇ ವೇಗ. ಮೋಡ ಒಂದು ಕಿ.ಮೀ. ಮೇಲಿದ್ದರೂ ಎರಡು ಕಿ.ಮೀ. ಮೇಲಿದ್ದರೂ ವ್ಯತ್ಯಾಸ ಕಾಣದಿರುವುದು ಇದಕ್ಕೇ.

ಪ್ಯಾರಾಚೂಟ್‌ನಲ್ಲೂ ಇದೇ ಲೆಕ್ಕ, ಆದರೆ ಎರಡು ಸಲ. ಸಾಮಾನು ಸೇರಿ 100 ಕೆ.ಜಿ. ಇರುವ ಮನುಷ್ಯ ಕೈಕಾಲು ಚಾಚಿ ಹೊಟ್ಟೆ ಕೆಳಗಾಗಿ ಬಿದ್ದರೆ ಅಂತಿಮ ವೇಗ ಸುಮಾರು 55 ಮೀಟರ್. ಈಗ 8 ಮೀಟರ್ ಅಗಲದ ದುಂಡು ಪ್ಯಾರಾಚೂಟ್ ಬಿಚ್ಚಿತು ಅನ್ನಿ. A ಒಮ್ಮೆಲೇ 50 ಚದರ ಮೀಟರ್, C ಸುಮಾರು 1.4. ಆ ಗಳಿಗೆಯಲ್ಲಿ ತಡೆ ತೂಕವನ್ನು ಎಷ್ಟೋ ಪಟ್ಟು ಮೀರುತ್ತದೆ, ವೇಗ ಇಳಿಯುತ್ತಾ ಬಂದು 5 ಮೀಟರ್ ಹತ್ತಿರ ನಿಲ್ಲುತ್ತದೆ. ವಿಡಿಯೋದಲ್ಲಿ ಆತ ಸರ್ರನೆ ಮೇಲೆ ಹೋದಂತೆ ಕಾಣುತ್ತದೆ. ಆತ ಬೀಳುತ್ತಲೇ ಇದ್ದಾನೆ. ಕ್ಯಾಮೆರಾ ಹಿಡಿದವನು ಮಾತ್ರ ಇನ್ನೂ ಜಾಸ್ತಿ ವೇಗದಲ್ಲಿ ಕೆಳಗೆ ಜಾರುತ್ತಿದ್ದಾನೆ, ಅಷ್ಟೇ.

ಒಂದು ಎಚ್ಚರಿಕೆ. C = 0.5 ಅನ್ನು ಕಣ್ಣುಮುಚ್ಚಿ ಎಲ್ಲ ಹನಿಗೂ ಹಾಕಬೇಡಿ. ಮೋಡದೊಳಗಿನ 0.02 ಮಿ.ಮೀ. ಹನಿಗೆ ಹಾಕಿದರೆ ಸೆಕೆಂಡಿಗೆ 66 ಸೆಂಟಿಮೀಟರ್ ಬರುತ್ತದೆ. ನಿಜವಾದ ವೇಗ ಬರೀ 1.2 ಸೆಂಟಿಮೀಟರ್! ಅಷ್ಟು ಸಣ್ಣ ಹನಿಗೆ ಗಾಳಿಯೇ ಅಂಟಂಟು, ಅಲ್ಲಿ ತಡೆ v² ಜೊತೆಗಲ್ಲ, v ಜೊತೆಗೆ ಏರುತ್ತದೆ. ಸ್ಟೋಕ್ಸ್ ನಿಯಮ ಬೇಕು. ಸೆಕೆಂಡಿಗೆ ಒಂದೂವರೆ ಸೆಂಟಿಮೀಟರ್ ಮೇಲೇಳುವ ಗಾಳಿ ಸಿಕ್ಕರೂ ಸಾಕು, ಆ ಹನಿ ಕೆಳಗಿಳಿಯುವುದೇ ಇಲ್ಲ.